ಬಿಟ್ಟುಹೋದ ‘ಎಚ್’

ಡೊಂಬಿವಲಿಯ ಮನೆಯೊಂದರ ಊಟದ ಮೇಜಿನ ಸುತ್ತ ನಾವು ನಾಲ್ವರು ಕುಳಿತು, ಬಾರದ ಒಂದು ಸಂದೇಶಕ್ಕಾಗಿ ಸುಮಾರು ಎರಡು ಗಂಟೆ ಕಾದೆವು. 2023ರ ಜುಲೈ ತಿಂಗಳ ಭಾನುವಾರ ಅದು. ಹೊರಗೆ ಮಳೆ ಬಿಡುವಿಲ್ಲದೆ ಸುರಿಯುತ್ತಿತ್ತು. ಅಂಥದೇ ಮಳೆಯಲ್ಲಿ ಹಿಂದಿನ ವಾರ ಅಕ್ಕನ ಫೋನು ರೈಲುನಿಲ್ದಾಣದ ಮೆಟ್ಟಿಲಿನಿಂದ ಜಾರಿ ನೀರಿಗೆ ಬಿದ್ದು ಸತ್ತುಹೋಗಿತ್ತು. ಹೊಸ ಫೋನು ಬಂದಿತ್ತು, ಹಳೆಯ ಸಿಮ್ಮೂ ಅದರಲ್ಲಿ ಕೂತಿತ್ತು. ಬರಬೇಕಾಗಿದ್ದುದು ಒಂದೇ: ನಮ್ಮ ಬಳಗದ ಧ್ವನಿಮುದ್ರಿಕೆಗಳನ್ನಿಟ್ಟಿದ್ದ ಖಾತೆಯ ಪಾಸ್‌ವರ್ಡ್ ಬದಲಿಸಿಕೊಳ್ಳಲು ಬೇಕಾದ ಮಿಂಚಂಚೆ.

ಆ ಖಾತೆಯಲ್ಲಿ ಏನಿತ್ತೆಂದು ಮೊದಲು ಹೇಳಬೇಕು. ಮುಂಬಯಿಗೆ ಹತ್ತು ಹನ್ನೆರಡರ ಹರೆಯದಲ್ಲಿ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆಯಾದ ಮೇಲೆ ಕನ್ನಡ ರಾತ್ರಿಶಾಲೆಗೆ ಓಡಿದ ಒಂದು ತಲೆಮಾರು ಈ ನಗರದಲ್ಲಿತ್ತು. ಆ ಹಿರಿಯರ ಮನೆಗಳಿಗೆ ಹೋಗಿ, ಅವರ ಮಾತನ್ನು ಅವರದೇ ಕಂಠದಲ್ಲಿ ಹಿಡಿದಿಡುವ ಕೆಲಸವನ್ನು ಬಳಗ 2017ರಲ್ಲಿ ಆರಂಭಿಸಿತ್ತು. ನಾಲ್ಕು ವರ್ಷಗಳಲ್ಲಿ ನಲವತ್ತೊಂದು ಮುದ್ರಿಕೆಗಳಾದವು. ಅಕ್ಕ ತನ್ನ ಫೋನಿನಲ್ಲೇ ಧ್ವನಿ ಹಿಡಿಯುತ್ತಿದ್ದಳು. ಅದು ಅಂತರ್ಜಾಲದ ಉಚಿತ ಉಗ್ರಾಣವೊಂದಕ್ಕೆ ತಾನಾಗಿ ಹೋಗಿ ಸೇರುತ್ತಿತ್ತು. ಫೋನಿನಲ್ಲಿ ಜಾಗ ಸಾಲದೆ ಬಂದಾಗ ಆಕೆ ಮೂಲವನ್ನು ಅಳಿಸುತ್ತಿದ್ದಳು. ಮಾತನಾಡಿದ ಹಿರಿಯರಲ್ಲಿ ಹಲವರು ಈಗಿಲ್ಲ. ಅವರನ್ನು ಮತ್ತೊಮ್ಮೆ ಕೂರಿಸಿಕೊಂಡು ಕೇಳುವಂತಿಲ್ಲ.

ಉಗ್ರಾಣದ ಬಾಗಿಲಿನಲ್ಲಿ ‘ಪಾಸ್‌ವರ್ಡ್ ಮರೆತಿರಾ’ ಎಂಬಲ್ಲಿ ಒತ್ತಿ ವಿಳಾಸ ಬರೆದರೆ, ಪರದೆ ಪ್ರತಿಸಲವೂ ಒಂದೇ ಮಾತನ್ನು ಹೇಳುತ್ತಿತ್ತು: ಈ ವಿಳಾಸದ ಖಾತೆ ನಮ್ಮಲ್ಲಿದ್ದರೆ ಅದಕ್ಕೊಂದು ಸಂದೇಶ ಕಳುಹಿಸಿದ್ದೇವೆ. ಆ ‘ಇದ್ದರೆ’ ಎಂಬ ಪದವನ್ನು ಆ ದಿನ ನಾವು ಯಾರೂ ಓದಲಿಲ್ಲ. ‘ಕಳುಹಿಸಿದ್ದೇವೆ’ ಎಂಬುದನ್ನಷ್ಟೇ ಓದಿದೆವು. ಸ್ಪ್ಯಾಮ್ ಪೆಟ್ಟಿಗೆ ನೋಡಿದೆವು, ಜಾಹೀರಾತುಗಳ ಪೆಟ್ಟಿಗೆ ನೋಡಿದೆವು, ಮತ್ತೆ ಒತ್ತಿದೆವು. ಅಕ್ಕ ತನ್ನ ಹೊಸ ಫೋನಿನಲ್ಲಿ ವಿಳಾಸವನ್ನು ಬೆರಳಿನಿಂದ ಒತ್ತಿ ಒತ್ತಿ ಬರೆದಳು. ನಮ್ಮಲ್ಲೊಬ್ಬರು ಬಳಗದ ಲ್ಯಾಪ್‌ಟಾಪಿನಲ್ಲಿ ಒಂದಕ್ಷರ ಬರೆದೊಡನೆ ಅದೇ ಪೂರ್ತಿ ವಿಳಾಸವನ್ನು ತುಂಬಿಕೊಟ್ಟಿತು. ಎರಡರಲ್ಲೂ ಉತ್ತರ ಒಂದೇ. ಎರಡು ಗಂಟೆಗಳಲ್ಲಿ ಒಟ್ಟು ಒಂಬತ್ತು ಸಲ ಬಾಗಿಲು ತಟ್ಟಿದೆವೆಂದು ಆಮೇಲೆ ಲೆಕ್ಕ ಹಾಕಿದೆವು.

ಉಗ್ರಾಣ ಹೀಗೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತನಾಡುವುದಕ್ಕೆ ಕಾರಣವಿದೆ. ‘ಈ ವಿಳಾಸದ ಖಾತೆ ಇಲ್ಲ’ ಎಂದು ಅದು ನೇರವಾಗಿ ಹೇಳಿಬಿಟ್ಟರೆ, ಯಾರು ಬೇಕಾದರೂ ಒಂದೊಂದೇ ವಿಳಾಸ ಬರೆದು, ಯಾರ ಖಾತೆ ಇದೆ, ಯಾರದು ಇಲ್ಲ ಎಂದು ಪಟ್ಟಿ ಮಾಡಬಹುದು. ಆ ಪಟ್ಟಿಯೇ ಕಳ್ಳರಿಗೆ ಬಂಡವಾಳ. ಆದ್ದರಿಂದ ಇದ್ದವರಿಗೂ ಇಲ್ಲದವರಿಗೂ ಒಂದೇ ವಾಕ್ಯ. ಕಳ್ಳನನ್ನು ತಡೆಯಲು ಕಟ್ಟಿದ ಆ ಗೋಡೆ, ತನ್ನ ವಿಳಾಸವೇ ತಪ್ಪಾಗಿದೆಯೆಂದು ತಿಳಿಯದ ಮನೆಯೊಡತಿಯನ್ನೂ ಹೊರಗೇ ನಿಲ್ಲಿಸುತ್ತದೆ.

ಮೊದಲ ಅನುಮಾನ ಬಿದ್ದದ್ದು ಚುಕ್ಕಿಯ ಮೇಲೆ. ಅಕ್ಕನ ವಿಳಾಸ ಜಿಮೇಲಿನದು. ಹೆಸರಿಗೂ ಮನೆತನದ ಹೆಸರಿಗೂ ನಡುವೆ ಒಂದು ಚುಕ್ಕಿ ಉಂಟು. ಚುಕ್ಕಿ ಬಿಟ್ಟು ಬರೆದಿದ್ದರೆ? ಇದು ದಾರಿ ತಪ್ಪಿಸುವ ಅನುಮಾನ. ಜಿಮೇಲ್ ತನ್ನ ಸಾಮಾನ್ಯ ವಿಳಾಸಗಳಲ್ಲಿ ಚುಕ್ಕಿಗಳನ್ನು ಎಣಿಸುವುದೇ ಇಲ್ಲ. ಚುಕ್ಕಿ ಹಾಕಿದರೂ ಬಿಟ್ಟರೂ ಟಪಾಲು ಬರುವುದು ಒಂದೇ ಮನೆಗೆ. ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವೂ ಅಲ್ಲಿಲ್ಲ. ಎಲ್ಲ ತಪ್ಪುಗಳೂ ತಪ್ಪಲ್ಲ ಎಂದು ತಿಳಿದು ಸ್ವಲ್ಪ ಸಮಾಧಾನವಾಯಿತು; ಸಂದೇಶ ಮಾತ್ರ ಬರಲಿಲ್ಲ.

ಆಗ ನಮ್ಮಲ್ಲೊಬ್ಬರಿಗೆ ಒಂದು ಉಪಾಯ ಹೊಳೆಯಿತು. ಅಕ್ಕನ ಸರಿಯಾದ ವಿಳಾಸದಿಂದಲೇ ಅದೇ ಉಗ್ರಾಣದಲ್ಲಿ ಹೊಸ ಖಾತೆ ತೆರೆಯಲು ಹೋಗೋಣ, ಏನೆನ್ನುತ್ತದೋ ನೋಡೋಣ ಎಂದರು. ಒಂದು ವಿಳಾಸಕ್ಕೆ ಒಂದೇ ಖಾತೆ ಎಂಬುದು ಅಲ್ಲಿಯ ನಿಯಮ. ಹಳೆಯ ಖಾತೆ ಆ ವಿಳಾಸದ್ದೇ ಆಗಿದ್ದರೆ ಉಗ್ರಾಣ ಹೊಸದನ್ನು ಕೊಡಕೂಡದು. ಕೊಟ್ಟಿತು. ಒಂದು ನಿಮಿಷದೊಳಗೆ ಸ್ವಾಗತದ ಮಿಂಚಂಚೆ ಅಕ್ಕನ ಪೆಟ್ಟಿಗೆಗೆ ಬಂದು ಬಿತ್ತು. ಕಾದಿದ್ದ ಪೆಟ್ಟಿಗೆಗೆ ಕೊನೆಗೂ ಬಂದ ಪತ್ರ ಅದು. ಅದನ್ನು ಕಂಡು ನಮಗೆ ಎದೆ ಒಡೆದಂತಾಯಿತು. ನಲವತ್ತೊಂದು ಮುದ್ರಿಕೆಗಳ ಖಾತೆ ಅಕ್ಕನ ವಿಳಾಸದಲ್ಲಿ ಇಲ್ಲ, ಎಂದೂ ಇರಲಿಲ್ಲ ಎಂಬುದು ಅದರಿಂದ ಖಚಿತವಾಯಿತು.

ಇನ್ನು ಉಳಿದದ್ದು ಲ್ಯಾಪ್‌ಟಾಪು ತಾನಾಗಿ ತುಂಬಿಕೊಡುತ್ತಿದ್ದ ವಿಳಾಸ. ಅದನ್ನು ಈಗ ಮೊದಲ ಬಾರಿಗೆ ಅಕ್ಷರ ಅಕ್ಷರವಾಗಿ ಓದಿದೆವು. ಅಕ್ಕನ ನಿಜವಾದ ಹೆಸರು ಇಲ್ಲಿ ಬೇಡ, ಸವಿತಾ ಎಂದಿಟ್ಟುಕೊಳ್ಳೋಣ. ಆಕೆಯ ವಿಳಾಸದಲ್ಲಿರುವುದು `savitha`. ಲ್ಯಾಪ್‌ಟಾಪಿನಲ್ಲಿದ್ದದ್ದು `savita`. ನಡುವಿನ ಒಂದು ‘ಎಚ್’ ಇಲ್ಲ.

ಇದನ್ನು ಕೈತಪ್ಪು ಎನ್ನಬಹುದೇ? ನಮ್ಮ ಪ್ರಕಾರ ಇದು ಮುಂಬಯಿ ಕನ್ನಡಿಗರ ತಪ್ಪು, ಅಥವಾ ಮುಂಬಯಿ ಕನ್ನಡಿಗರ ಸ್ಥಿತಿ. ಊರಿನಲ್ಲಿ ನಾವು ಕನ್ನಡವನ್ನು ಇಂಗ್ಲಿಷಿನ ಅಕ್ಷರಗಳಲ್ಲಿ ಬರೆಯುವಾಗ ‘ಟ’ಕ್ಕೆ ‘ಟಿ’ಯನ್ನು ಕೊಟ್ಟು, ‘ತ’ಕ್ಕೆ ‘ಟಿ’ಯ ಜೊತೆ ‘ಎಚ್’ ಸೇರಿಸುತ್ತೇವೆ. ಲತಾ, ಸುಜಾತಾ, ಕವಿತಾ ಎಲ್ಲರಿಗೂ ಊರಿನ ಶಾಲೆಯ ದಾಖಲೆಯಲ್ಲಿ ‘ಎಚ್’ ಇರುತ್ತದೆ. ಮರಾಠಿಯವರ ಕ್ರಮ ಬೇರೆ: ‘ತ’ಕ್ಕೂ ‘ಟ’ಕ್ಕೂ ಬರಿಯ ‘ಟಿ’ ಸಾಕು, ‘ಎಚ್’ ಬಂದರೆ ಅದು ‘ಥ’. ಅವರ ಕಣ್ಣಿಗೆ ನಮ್ಮ ಸವಿತಾ ‘ಸವಿಥಾ’ ಆಗಿ ಕಾಣುತ್ತಾಳೆ. ಎರಡರಲ್ಲಿ ಯಾವುದೂ ತಪ್ಪಲ್ಲ. ಆದರೆ ಉಡುಪಿಯ ಕಡೆಯ ಶಾಲೆಯಿಂದ ಮುಂಬಯಿಗೆ ಬಂದ ಹೆಣ್ಣುಮಗಳ ಹೆಸರು ಇಲ್ಲಿಯ ಗುಮಾಸ್ತರ ಕೈಯಲ್ಲಿ ಆಗಾಗ ‘ಎಚ್’ ಕಳೆದುಕೊಳ್ಳುತ್ತ ಹೋಗುತ್ತದೆ. ಅಕ್ಕನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅದಿದೆ, ರೇಷನ್ ಕಾರ್ಡಿನಲ್ಲಿಲ್ಲ; ಬ್ಯಾಂಕಿನಲ್ಲಿ ಇದೆ, ವಿದ್ಯುತ್ ಬಿಲ್ಲಿನಲ್ಲಿಲ್ಲ. ಆಕೆ ಅದನ್ನು ಎಂದೋ ಲೆಕ್ಕಕ್ಕಿಡುವುದನ್ನು ಬಿಟ್ಟಿದ್ದಳು. ವಿದ್ಯುತ್ ಬಿಲ್ಲಿನಲ್ಲಿ ‘ಎಚ್’ ಇಲ್ಲದಿದ್ದರೂ ದೀಪ ಉರಿಯುತ್ತದಲ್ಲ!

2017ರಲ್ಲಿ ಖಾತೆಯನ್ನು ತೆರೆದುಕೊಟ್ಟವನು ಅಕ್ಕನ ಸೋದರಳಿಯ. ಇಲ್ಲೇ ಹುಟ್ಟಿ ಇಲ್ಲೇ ಓದಿದವನು. ಆಕೆ ಅಡುಗೆಮನೆಯಿಂದ ವಿಳಾಸ ಹೇಳಿದ್ದಾಳೆ, ಅವನು ಹೊರಗೆ ಕೂತು ತನ್ನ ಕಿವಿಗೆ ಕೇಳಿಸಿದಂತೆ, ತನ್ನ ಶಾಲೆ ಕಲಿಸಿದಂತೆ ಬರೆದಿದ್ದಾನೆ. ವಿಷಯ ತಿಳಿದು ಅವನು ಪೆಚ್ಚಾದಾಗ ಅಕ್ಕನೇ ಸಮಾಧಾನ ಹೇಳಿದಳು: “ಹೋಗಲಿ ಬಿಡು ಮಾರಾಯಾ, ನಿನ್ನ ಮಾವನೇ ಮದುವೆ ಕಾಗದದಲ್ಲಿ ನನ್ನ ‘ಎಚ್’ ನುಂಗಿದ್ದರು.”

ಹಾಗಾದರೆ ಆರು ವರ್ಷ ಆ ಖಾತೆ ನಡೆದದ್ದು ಹೇಗೆ? ನಮ್ಮನ್ನು ಹೆಚ್ಚು ಹೊತ್ತು ಕಾಡಿದ ಪ್ರಶ್ನೆ ಇದು. ಉತ್ತರ ಸರಳ. ಒಳಹೋಗುವವರಿಗೆ ವಿಳಾಸವೆಂದರೆ ಒಂದು ಹೆಸರು, ಅಷ್ಟೇ. ಮೊದಲ ದಿನ ಬರೆದುಕೊಂಡ ಹೆಸರಿಗೂ ಇಂದು ಹೇಳಿದ ಹೆಸರಿಗೂ ತಾಳೆಯಾದರೆ ಬಾಗಿಲು ತೆರೆಯುತ್ತದೆ. ಆ ಹೆಸರಿನ ಮನೆ ಲೋಕದಲ್ಲಿ ಎಲ್ಲಿದೆ, ಅದರಲ್ಲಿ ಯಾರಿದ್ದಾರೆ ಎಂದು ಉಗ್ರಾಣ ಕೇಳುವುದಿಲ್ಲ. ಅಕ್ಕನ ಫೋನು ಮೊದಲ ದಿನದ ತಪ್ಪು ವಿಳಾಸವನ್ನೇ ನಿಷ್ಠೆಯಿಂದ ನೆನಪಿಟ್ಟುಕೊಂಡು, ಕೇಳಿದಾಗಲೆಲ್ಲ ಅದನ್ನೇ ಒಪ್ಪಿಸುತ್ತಿತ್ತು. ವಿಳಾಸವು ನಿಜಕ್ಕೂ ವಿಳಾಸವಾಗಬೇಕಾದ ಸಂದರ್ಭ ಒಂದೇ: ಪಾಸ್‌ವರ್ಡ್ ಮರೆತು ಪತ್ರ ಬೇಕಾದಾಗ. ತಪ್ಪು ಅಲ್ಲಿಯವರೆಗೆ ಮೈ ಮರೆಸಿಕೊಂಡಿರುತ್ತದೆ. ಹೊರಬರುವುದು ನಮ್ಮ ಕೈಯಲ್ಲಿ ಬೇರಾವ ಕೀಲಿಯೂ ಇಲ್ಲದ ಹೊತ್ತಿನಲ್ಲಿ.

ಅದಕ್ಕೂ ಮೊದಲೇ ಅದು ಬಯಲಾಗುವ ಒಂದು ಅವಕಾಶವಿತ್ತು. ಖಾತೆ ತೆರೆದೊಡನೆ ಉಗ್ರಾಣ ದೃಢೀಕರಣದ ಪತ್ರವೊಂದನ್ನು ಕಳುಹಿಸುತ್ತದೆ, ಅದರೊಳಗಿನ ಕೊಂಡಿಯನ್ನು ಒತ್ತಬೇಕು. ಕೆಲವು ಕಡೆ ಒತ್ತದೆ ಒಳಗೆ ಬಿಡುವುದಿಲ್ಲ. ನಮ್ಮ ಉಗ್ರಾಣ ಉದಾರಿ: ಒತ್ತದಿದ್ದರೂ ಬಿಟ್ಟಿತ್ತು, ಮೇಲ್ತುದಿಯಲ್ಲಿ ‘ನಿಮ್ಮ ವಿಳಾಸವನ್ನು ದೃಢಪಡಿಸಿ’ ಎಂಬ ಹಳದಿ ಪಟ್ಟಿಯನ್ನು ಮಾತ್ರ ತೋರಿಸುತ್ತಿತ್ತು. ಆ ಪಟ್ಟಿ ಅಕ್ಕನಿಗೆ ಚೆನ್ನಾಗಿ ನೆನಪಿದೆ. “ದಿನಾ ಬರ್ತಿತ್ತು, ದಿನಾ ಮುಚ್ಚುತ್ತಿದ್ದೆ. ಏನೋ ಜಾಹೀರಾತು ಅಂದುಕೊಂಡೆ” ಎಂದಳು. ಮೊಬೈಲ್ ಸಂಖ್ಯೆ ಕೊಡಿ ಎಂದು ಕೇಳಿದಾಗಲೂ, ಎಲ್ಲೆಂದರಲ್ಲಿ ಸಂಖ್ಯೆ ಕೊಡಬಾರದೆಂಬ ಸಲಹೆಯನ್ನು ಪಾಲಿಸಿ ಕೊಟ್ಟಿರಲಿಲ್ಲ. ಸಲಹೆ ಕೊಟ್ಟವರು ನಾವೇ.

ಈಗ ಆ ಒಂಬತ್ತು ತಟ್ಟುವಿಕೆಗಳ ಲೆಕ್ಕವನ್ನು ಬೇರೆ ರೀತಿಯಲ್ಲಿ ನೋಡಬೇಕಾಯಿತು. ಅಕ್ಕ ಕೈಯಿಂದ ಸರಿಯಾಗಿ ಬರೆದಾಗ ಅಂಥ ಖಾತೆ ಇಲ್ಲವಾದ್ದರಿಂದ ಎಲ್ಲಿಗೂ ಏನೂ ಹೋಗಿರಲಿಲ್ಲ. ಲ್ಯಾಪ್‌ಟಾಪಿನಿಂದ ತಟ್ಟಿದಾಗಲೆಲ್ಲ ಹೋಗಿತ್ತು, ‘ಎಚ್’ ಇಲ್ಲದ ವಿಳಾಸಕ್ಕೆ. ಪಾಸ್‌ವರ್ಡ್ ಬದಲಿಸುವ ಕೊಂಡಿಯೆಂದರೆ ಮನೆಯ ಕೀಲಿ. ನಮ್ಮ ಬಾಗಿಲನ್ನು ತಟ್ಟುತ್ತಿದ್ದೇವೆ ಎಂದುಕೊಂಡು, ನಾವು ಗುರುತಿಲ್ಲದವರ ಅಂಗಳಕ್ಕೆ ಮತ್ತೆ ಮತ್ತೆ ಕೀಲಿಗೊಂಚಲನ್ನು ಎಸೆಯುತ್ತಿದ್ದೆವು. ಆ ಕೊಂಡಿಗಳಿಗೆ ಸಾಮಾನ್ಯವಾಗಿ ಆಯುಸ್ಸು ಕಡಿಮೆ, ಕೆಲವು ಗಂಟೆ ಅಥವಾ ಒಂದು ದಿನ. ಆದರೆ ಪ್ರತಿ ತಟ್ಟುವಿಕೆಗೂ ಹೊಸ ಕೀಲಿ ಹುಟ್ಟುತ್ತದೆ. ಲ್ಯಾಪ್‌ಟಾಪನ್ನು ಮುಚ್ಚಿ ಪಕ್ಕಕ್ಕಿಟ್ಟೆವು.

ಆ ಅಂಗಳದಲ್ಲಿ ಯಾರಾದರೂ ಇದ್ದಾರೆಯೇ? ಇದನ್ನು ತಿಳಿಯಲು ಅಕ್ಕನ ವಿಳಾಸದಿಂದ ಆ ‘ಎಚ್’ ಇಲ್ಲದ ವಿಳಾಸಕ್ಕೆ ‘ನಮಸ್ಕಾರ’ ಎಂಬ ಒಂದೇ ಪದದ ಪತ್ರ ಬರೆದೆವು. ಅಂಥ ಪೆಟ್ಟಿಗೆಯೇ ಇಲ್ಲದಿದ್ದರೆ ಅಲ್ಲಿಯ ಟಪಾಲುಯಂತ್ರ ಪತ್ರವನ್ನು ತೆಗೆದುಕೊಳ್ಳುವುದಿಲ್ಲ. `550 5.1.1` ಎಂಬ ಸಂಖ್ಯೆಯೊಂದಿಗೆ, ಈ ಹೆಸರಿನವರು ಇಲ್ಲಿಲ್ಲವೆಂಬ ವರದಿ ಕಳುಹಿಸಿದವರಿಗೆ ಹಿಂದಿರುಗುತ್ತದೆ, ಸಾಧಾರಣವಾಗಿ ಕ್ಷಣಗಳಲ್ಲಿ. ವರದಿ ಹೋಗುವುದು ಕಳುಹಿಸಿದವರಿಗೆ ಎಂಬುದನ್ನು ಗಮನಿಸಬೇಕು. ಉಗ್ರಾಣ ಕಳುಹಿಸಿದ ಪತ್ರ ಹಾಗೆ ತಿರುಗಿದ್ದರೆ ಉಗ್ರಾಣದ ಯಂತ್ರಕ್ಕೆ ತಿಳಿಯುತ್ತಿತ್ತೇ ಹೊರತು, ಊಟದ ಮೇಜಿನ ಬಳಿ ಕಾಯುತ್ತಿದ್ದ ನಮಗೆ ಎಂದಿಗೂ ತಿಳಿಯುತ್ತಿರಲಿಲ್ಲ. ನಾವೇ ಬರೆದುನೋಡಿದ್ದು ಅದಕ್ಕಾಗಿ.

ಪತ್ರ ತಿರುಗಿ ಬರಲಿ ಎಂದು ನಾವು ಹಾರೈಸುತ್ತಿದ್ದೆವು ಎಂದರೆ ಓದುಗರಿಗೆ ವಿಚಿತ್ರವೆನಿಸಬಹುದು. ತಿರುಗಿ ಬಂದರೆ ಆ ಹೆಸರನ್ನು ಯಾರೂ ತೆಗೆದುಕೊಂಡಿಲ್ಲದಿರುವ ಸಾಧ್ಯತೆ ಇದೆ. ಆಗ ಆ ತಪ್ಪು ಹೆಸರಿನ ಪೆಟ್ಟಿಗೆಯನ್ನು ನಾವೇ ತೆರೆದು, ಅದರಲ್ಲಿ ಕೂತು, ಕೀಲಿ ಬರುವುದನ್ನು ಕಾಯಬಹುದು. ಒಮ್ಮೆ ಯಾರೋ ಬಳಸಿ ಅಳಿಸಿದ ಹೆಸರನ್ನು ಜಿಮೇಲ್ ಮತ್ತೊಬ್ಬರಿಗೆ ಕೊಡುವುದಿಲ್ಲ. ಆದರೆ ಎಂದೂ ಯಾರದೂ ಆಗಿಲ್ಲದ ಹೆಸರು ಸಿಗುತ್ತದೆ. ಇದು ಕಳ್ಳದಾರಿಯಲ್ಲ, ತಪ್ಪು ವಿಳಾಸ ಖಾಲಿಯಿದ್ದರೆ ಇದೇ ಎಲ್ಲಕ್ಕಿಂತ ಹತ್ತಿರದ ದಾರಿ. ಹತ್ತು ನಿಮಿಷ ಕಾದೆವು, ಊಟ ಮುಗಿಸಿ ಬಂದು ನೋಡಿದೆವು. ವರದಿ ಬರಲಿಲ್ಲ. ಆ ಮನೆಯಲ್ಲಿ ಯಾರೋ ಇದ್ದರು. ಇಲ್ಲದೆ ಏನು? ಮಹಾರಾಷ್ಟ್ರದಲ್ಲಿ ‘ಎಚ್’ ಇಲ್ಲದ ಸವಿತಾ ಎಷ್ಟು ಜನರಿರಬಹುದು!

ತಪ್ಪು `@` ಚಿಹ್ನೆಯ ಎಡಕ್ಕೆ ಬಿದ್ದಿದ್ದರಿಂದ ಇಷ್ಟು. ಬಲಕ್ಕೆ, ಅಂದರೆ ಊರಿನ ಹೆಸರಿರುವ ಕಡೆಗೆ ಬಿದ್ದರೆ ಪತ್ರ ಒಬ್ಬ ವ್ಯಕ್ತಿಗಲ್ಲ, ಬೇರೊಂದು ಊರಿಗೇ ಹೋಗುತ್ತದೆ. ನಾವು ಡೊಂಬಿವಲಿಯಲ್ಲಿ ತಲೆ ಕೆರೆದುಕೊಳ್ಳುತ್ತಿದ್ದ ಅದೇ ಜುಲೈಯಲ್ಲಿ ಅಂಥದೊಂದು ಸುದ್ದಿ ಪತ್ರಿಕೆಗಳಲ್ಲಿ ಬಂತು. ಅಮೆರಿಕದ ಸೈನ್ಯದ ವಿಳಾಸಗಳು `.mil` ಎಂದು ಮುಗಿಯುತ್ತವೆ. ಅದರಲ್ಲಿ ‘ಐ’ ಬಿಟ್ಟುಹೋದರೆ `.ml`; ಅದು ಪಶ್ಚಿಮ ಆಫ್ರಿಕದ ಮಾಲಿ ದೇಶದ ಗುರುತು. ಆ ದೇಶದ ಗುರುತನ್ನು 2013ರಿಂದ ಗುತ್ತಿಗೆಯ ಮೇಲೆ ನಿರ್ವಹಿಸುತ್ತಿದ್ದ ಯೋಹಾನೆಸ್ ಝೂರ್ಬಿಯರ್ ಎಂಬ ಡಚ್ ಉದ್ಯಮಿ, ದಾರಿ ತಪ್ಪಿ ಬರುತ್ತಿದ್ದ ಇಂಥ ಪತ್ರಗಳನ್ನು 2023ರ ಜನವರಿಯಿಂದ ಕೂಡಿಟ್ಟಾಗ ಸುಮಾರು 1,17,000 ಆದವು. ಗುಪ್ತವೆಂದು ಮುದ್ರೆಯೊತ್ತಿದ ಕಾಗದಗಳು ಅವುಗಳಲ್ಲಿರಲಿಲ್ಲವಂತೆ. ವೈದ್ಯಕೀಯ ವಿವರಗಳು, ಸೇನಾಧಿಕಾರಿಯೊಬ್ಬರ ಪ್ರವಾಸದ ವಿವರಗಳು ಇದ್ದವು. ಸೈನ್ಯದ ಒಳಗಿನಿಂದ ಆ ಕಡೆಗೆ ಹೋಗುವ ಪತ್ರಗಳನ್ನು ತಡೆಯುವ ಏರ್ಪಾಡನ್ನು ಅವರು ಮಾಡಿದ್ದರು. ಆದರೆ ಹೊರಗಿನವರು, ಪ್ರಯಾಣದ ಏಜೆಂಟರು, ಮನೆಯ ಪೆಟ್ಟಿಗೆಯಿಂದ ಬರೆಯುವ ಸಿಬ್ಬಂದಿ ‘ಐ’ ಬಿಟ್ಟರೆ ತಡೆಯುವವರು ಯಾರು? ತಪ್ಪನ್ನು ಬರೆಯುವ ಕೈಯಲ್ಲಿ ಹಿಡಿಯಬೇಕು. ಅದು ಹೊರಟ ಮೇಲೆ ಅದಕ್ಕೆ ತಾನು ತಪ್ಪೆಂದು ಗೊತ್ತಿರುವುದಿಲ್ಲ. ಸುದ್ದಿಯನ್ನು ಓದಿದ ಅಕ್ಕನಿಗೆ ಯಾವುದೋ ಒಂದು ಬಗೆಯ ಸಮಾಧಾನವಾಯಿತು, ನಮಗೆ ಆಗಲಿಲ್ಲ.

ಇನ್ನು ಆ ಅಪರಿಚಿತ ಮಹಿಳೆಗೆ ಬರೆಯಬೇಕೋ ಬೇಡವೋ? ಬರೆಯಬೇಕೆಂಬ ಕಡೆ ಮೂವರಿದ್ದೆವು. ಕರಡೂ ಸಿದ್ಧವಾಯಿತು, ವಿನಯದ ಮರಾಠಿಯಲ್ಲಿ: ನಮ್ಮ ಹಿರಿಯರ ಧ್ವನಿಗಳು ಒಂದು ಖಾತೆಯಲ್ಲಿ ಸಿಕ್ಕಿಬಿದ್ದಿವೆ, ಇಷ್ಟು ಗಂಟೆಗೆ ನಿಮ್ಮ ಪೆಟ್ಟಿಗೆಗೆ ಒಂದು ಸಂದೇಶ ಬರುವುದು, ದಯವಿಟ್ಟು ಅದರ ಕೊಂಡಿಯನ್ನು ನಮಗೆ ಕಳುಹಿಸಿಕೊಡಿ. ನಮ್ಮ ಬಳಗದಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರಿದ್ದಾರೆ. ಅವರು ಕರಡನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಮೂವತ್ತು ವರ್ಷ ಗಿರಾಕಿಗಳಿಗೆ ಇಂಥ ಕಾಗದಕ್ಕೆ ಉತ್ತರ ಕೊಡಬೇಡಿ ಎಂದು ಹೇಳಿದವನು ನಾನು. ಈಗ ನಾನೇ ಬರೆಯುವುದೇ?” ಎಂದರು.

ಅವರ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಗುರುತಿಲ್ಲದವರು, ಮನ ಕರಗಿಸುವ ಕಥೆ, ತುರ್ತು, ಕೊನೆಗೆ ‘ನಿಮಗೆ ಬಂದ ಸಂದೇಶವನ್ನು ನಮಗೆ ಕೊಡಿ’: ವಂಚನೆಯ ಪತ್ರಕ್ಕೆ ಯಾವ ಯಾವ ಲಕ್ಷಣಗಳಿವೆಯೋ ಅವೆಲ್ಲ ನಮ್ಮ ಸತ್ಯವಾದ ಪತ್ರದಲ್ಲಿದ್ದವು. ಆಕೆ ಬುದ್ಧಿವಂತೆಯಾಗಿದ್ದರೆ ಉತ್ತರಿಸಕೂಡದು. ಉತ್ತರಿಸಿದರೆ, ಮುಂದೊಂದು ದಿನ ನಿಜವಾದ ವಂಚಕನಿಗೂ ಉತ್ತರಿಸುವ ಅಭ್ಯಾಸವನ್ನು ನಾವೇ ಆಕೆಗೆ ಕಲಿಸಿದಂತೆ. ಹಾಗೆಂದು ಸುಮ್ಮನಿರುವಂತೆಯೂ ಇರಲಿಲ್ಲ. ಆಕೆ ಕುತೂಹಲಕ್ಕೆ ಒಂದು ಕೊಂಡಿಯನ್ನು ಒತ್ತಿ ಹೊಸ ಪಾಸ್‌ವರ್ಡ್ ಇಟ್ಟರೆ ಹಿರಿಯರ ಮಾತುಗಳೆಲ್ಲ ಆಕೆಗೆ ತೆರೆದುಕೊಳ್ಳುತ್ತವೆ. ಅವುಗಳಲ್ಲಿ ಆಸ್ತಿಯ ಜಗಳಗಳಿವೆ, ಮೊದಲ ಹೆಂಡತಿಯ ಸಾವು ಇದೆ, ಮೈಕನ್ನು ಸ್ವಲ್ಪ ನಿಲ್ಲಿಸಿ ಎಂದು ಹೇಳಿಯೂ ನಿಲ್ಲದ ಮೈಕಿಗೆ ಹೇಳಿದ ಮಾತುಗಳಿವೆ.

ಕೊನೆಗೆ ಬೇರೊಂದು ಪತ್ರ ಹೋಯಿತು, ಮೂರೇ ಸಾಲಿನದು. ನಿಮ್ಮ ವಿಳಾಸವನ್ನು ತಪ್ಪಾಗಿ ನಮ್ಮದೆಂದು ಕೊಟ್ಟಿದ್ದೆವು. ಅದರಿಂದ ಬಂದಿರುವ ಸಂದೇಶಗಳನ್ನು ತೆರೆಯದೆ ಅಳಿಸಿಬಿಡಿ. ನಮಗೆ ಏನನ್ನೂ ಕಳುಹಿಸಬೇಕಾಗಿಲ್ಲ. ಹನ್ನೊಂದು ದಿನಗಳ ಮೇಲೆ ಉತ್ತರ ಬಂತು. ಇಂಥ ಸಂದೇಶಗಳನ್ನು ಕಂಡು ಫಸವಣೂಕ್, ಅಂದರೆ ಮೋಸ, ಎಂದುಕೊಂಡು ಅಂದೇ ಅಳಿಸಿರುವುದಾಗಿಯೂ, ಆ ಕಂಪನಿಯಿಂದ ಏನೂ ಬಾರದಂತೆ ಮಾಡಿರುವುದಾಗಿಯೂ, ದಯವಿಟ್ಟು ಮತ್ತೆ ಬರೆಯಬಾರದೆಂದೂ ಆಕೆ ತಿಳಿಸಿದ್ದರು. ನಮಗೆ ಆ ಹೆಣ್ಣುಮಗಳ ಮೇಲೆ ಗೌರವ ಹುಟ್ಟಿತು.

ಉಗ್ರಾಣದ ಕಂಪನಿಗೂ ಬರೆದಿದ್ದೆವು. ನೋಂದಾಯಿತ ವಿಳಾಸದಿಂದ ಬರೆದವರೊಡನೆ ಮಾತ್ರ ಖಾತೆಯ ವಿಷಯ ಮಾತನಾಡುತ್ತೇವೆ ಎಂಬುದು ಅವರ ಉತ್ತರ. ಇದಕ್ಕಾಗಿ ಅವರನ್ನು ದೂರುವಂತಿಲ್ಲ. ಬ್ಯಾಂಕಿನ ಖಾತೆಯಾಗಿದ್ದರೆ ಆಧಾರ್, ಪ್ಯಾನ್ ಹಿಡಿದು ಶಾಖೆಗೆ ಹೋಗಿ, ಅರ್ಜಿ ಬರೆದು, ಸಹಿ ತಾಳೆ ಮಾಡಿಸಿ ಮಿಂಚಂಚೆಯನ್ನು ತಿದ್ದಿಸಬಹುದು. ಅಲ್ಲಿ ಖಾತೆ ಮನುಷ್ಯನದು, ವಿಳಾಸ ಅದಕ್ಕೆ ಅಂಟಿಸಿದ ಚೀಟಿ. ಉಚಿತ ಉಗ್ರಾಣದಲ್ಲಿ ವಿಳಾಸವೇ ಮನುಷ್ಯ. ಅವರ ಪುಸ್ತಕದ ಪ್ರಕಾರ ಆ ನಲವತ್ತೊಂದು ಮುದ್ರಿಕೆಗಳ ಒಡತಿ ‘ಎಚ್’ ಇಲ್ಲದ ಸವಿತಾ. ನಾವು ಅವರ ಖಾತೆಗೆ ಕನ್ನ ಹಾಕಲು ಬಂದ ಡೊಂಬಿವಲಿಯ ನಾಲ್ವರು.

ದಾರಿ ಸಿಕ್ಕಿದ್ದು ಅಕ್ಕನ ನೆನಪಿನಿಂದ. ಮುದ್ರಿಕೆಗಳಲ್ಲಿ ಎಲ್ಲಕ್ಕಿಂತ ಉದ್ದವಾದದ್ದು ಮೀರಾ ರೋಡಿನ ಒಬ್ಬ ಹಿರಿಯರದು. ಕೊನೆಯ ದಿನಗಳಲ್ಲಿ ಅವರಿಗೆ ತಮ್ಮ ಮಾತನ್ನು ತಾವೇ ಕೇಳುವ ಆಸೆಯಾಗಿ, ಅಕ್ಕ ಅವರ ಮನೆಯ ಟ್ಯಾಬ್ಲೆಟ್ಟಿನಲ್ಲಿ ಖಾತೆಯನ್ನು ತೆರೆದುಕೊಟ್ಟು ಬಂದಿದ್ದಳು. ಹೊರಬಂದ ನೆನಪಿಲ್ಲ. ಒಮ್ಮೆ ಒಳಬಿಟ್ಟ ಯಂತ್ರವನ್ನು ಉಗ್ರಾಣ ಒಂದು ಚೀಟಿ ಕೊಟ್ಟು ಗುರುತಿಟ್ಟುಕೊಳ್ಳುತ್ತದೆ. ಆ ಚೀಟಿಯ ಅವಧಿ ಮುಗಿಯದಿದ್ದರೆ, ಪಾಸ್‌ವರ್ಡನ್ನು ಯಾರೂ ಬದಲಿಸದಿದ್ದರೆ, ಅದು ಮತ್ತೆ ಕೇಳದೆಯೇ ಒಳಗೆ ಬಿಡುತ್ತದೆ. ಅಪರಿಚಿತೆ ಕೊಂಡಿಯನ್ನು ಒತ್ತಿದ್ದರೆ ಬಹುಮಟ್ಟಿಗೆ ಆ ಚೀಟಿಯೂ ಹರಿದಿರುತ್ತಿತ್ತು.

ಮನೆಯವರಿಗೆ ಫೋನು ಮಾಡಿ ಮೂರು ಮಾತು ಹೇಳಿದೆವು: ಟ್ಯಾಬ್ಲೆಟ್ಟನ್ನು ಚಾರ್ಜಿಗೆ ಹಾಕಿ, ಅದು ಏನನ್ನಾದರೂ ಹೊಸದಾಗಿಸುತ್ತೇನೆಂದರೆ ಬೇಡವೆನ್ನಿ, ಯಾವುದನ್ನೂ ‘ಲಾಗೌಟ್’ ಮಾಡಬೇಡಿ. ಡೊಂಬಿವಲಿಯಿಂದ ದಾದರಿಗೆ ಬಂದು, ಸೇತುವೆ ದಾಟಿ ಪಶ್ಚಿಮ ರೈಲ್ವೆಯ ಗಾಡಿ ಹಿಡಿದು ಮೀರಾ ರೋಡು ಮುಟ್ಟುವವರೆಗೆ ಯಾರೂ ಹೆಚ್ಚು ಮಾತನಾಡಲಿಲ್ಲ. ಹಿರಿಯರ ಸೊಸೆ ಟ್ಯಾಬ್ಲೆಟ್ಟನ್ನು ದೇವರ ಕೋಣೆಯ ಪಕ್ಕದ ಕಪಾಟಿನಲ್ಲಿಟ್ಟು, ಮಕ್ಕಳು ಮುಟ್ಟದಂತೆ ಬೀಗ ಹಾಕಿದ್ದರು. “ಮಾವ ಹೋದ ಮೇಲೆ ತೆರೆದೇ ಇಲ್ಲ” ಎಂದರು.

ತೆರೆಯಿತು. ನಲವತ್ತೊಂದು ಹೆಸರುಗಳೂ ಸಾಲಾಗಿ ನಿಂತಿದ್ದವು. ಮೇಲ್ತುದಿಯಲ್ಲಿ ಹಳದಿ ಪಟ್ಟಿ, ಅದರಲ್ಲಿ ‘ಎಚ್’ ಇಲ್ಲದ ವಿಳಾಸ. ವಿಳಾಸವನ್ನು ಅಲ್ಲಿಂದಲೇ ತಿದ್ದಿಬಿಡೋಣವೆಂದು ಕೈ ಹೋಯಿತು. ಹಳೆಯ ಪಾಸ್‌ವರ್ಡ್ ಕೊಡಿ ಎಂದಿತು. ಒಳಗೆ ಬಂದವರಿಗೂ ಬೀಗ ಬದಲಿಸುವ ಅಧಿಕಾರವಿಲ್ಲ. ಕಳೆದುಹೋದ ಫೋನು ಕೈಗೆ ಸಿಕ್ಕಿದವನಿಗೆ ಖಾತೆಯೂ ಸಿಗಬಾರದಲ್ಲ. ಎರಡನೆಯ ಪ್ರಯತ್ನ ಮಾಡದೆ, ಮುದ್ರಿಕೆಗಳನ್ನು ಒಂದೊಂದಾಗಿ ಟ್ಯಾಬ್ಲೆಟ್ಟಿಗೆ ಇಳಿಸಿಕೊಂಡು, ಅಲ್ಲಿಂದ ಪೆನ್‌ಡ್ರೈವಿಗೆ ತೆಗೆದು, ಪ್ರತಿಯೊಂದನ್ನೂ ಆರಂಭ, ನಡು, ಕೊನೆಗಳಲ್ಲಿ ಕೇಳಿನೋಡಿ ಪಟ್ಟಿಯಲ್ಲಿ ಗುರುತು ಹಾಕುತ್ತ ಹೋದೆವು. ಸೊಸೆ ಎರಡು ಸಲ ಚಹಾ ಕೊಟ್ಟರು, ರಾತ್ರಿಯ ಊಟವನ್ನೂ ಅಲ್ಲೇ ಮಾಡಿಸಿದರು.

ಮೂವತ್ತೆಂಟು ಬಂದವು. ಮೂರರ ಹೆಸರು ಮಾತ್ರ ಇತ್ತು, ಧ್ವನಿ ಇರಲಿಲ್ಲ. ಹೆಸರು ಮೊದಲು ಹೋಗಿ ಸೇರುತ್ತದೆ, ಭಾರವಾದ ಧ್ವನಿ ಆಮೇಲೆ ಹೋಗುತ್ತದೆ. ಆ ಮೂರು ಮುದ್ರಿಕೆಗಳು ಅಕ್ಕನ ಫೋನಿನಿಂದ ಪೂರ್ತಿಯಾಗಿ ಹೊರಟೇ ಇರಲಿಲ್ಲ. ಎರಡು ಈಗಲೂ ಮಾತನಾಡಬಲ್ಲ ಹಿರಿಯರದು. ಮತ್ತೆ ಹೋಗಿ ಕೇಳಿದೆವು, ಎರಡನೆಯ ಸಲ ಅವರು ಬೇರೆಯೇ ಕಥೆ ಹೇಳಿದರು. ಮೂರನೆಯದು ಮೀರಾ ರೋಡಿನ ಹಿರಿಯರದೇ, ಎರಡನೆಯ ಭಾಗ. ಮೊದಲ ಭಾಗದಲ್ಲಿ ಅವರು ಹೋಟೆಲಿನ ಗಲ್ಲೆಯಿಂದ ಎದ್ದು, ಒದ್ದೆ ಕೈಯನ್ನು ಚಡ್ಡಿಗೆ ಒರೆಸಿಕೊಂಡು, ರಾತ್ರಿಶಾಲೆಯ ಮೆಟ್ಟಿಲು ಹತ್ತುತ್ತಾರೆ. ಒಳಗೆ ಹೋದ ಮೇಲೆ ಏನಾಯಿತೆಂಬುದು ಎರಡನೆಯದರಲ್ಲಿತ್ತು. ಅಕ್ಕನಿಗೆ ಸ್ವಲ್ಪ ನೆನಪಿದೆ. ಆಕೆ ಹೇಳುತ್ತಾಳೆ, ನಾವು ಬರೆದುಕೊಂಡಿದ್ದೇವೆ.

ಈಗ ಅವು ಎರಡು ಡಿಸ್ಕುಗಳಲ್ಲಿವೆ, ಒಂದು ಡೊಂಬಿವಲಿಯಲ್ಲಿ, ಒಂದು ಮೀರಾ ರೋಡಿನಲ್ಲಿ. ಅಂದು ಪರೀಕ್ಷೆಗೆಂದು ತೆರೆದಿದ್ದ ಖಾತೆಯನ್ನೇ ಹೊಸ ಉಗ್ರಾಣವಾಗಿ ಇಟ್ಟುಕೊಂಡೆವು. ಆದರೆ ಒಂದು ಮುದ್ರಿಕೆಯನ್ನೂ ಅದರೊಳಗೆ ಇಡುವ ಮೊದಲು, ಖಾತೆಯಿಂದ ಹೊರಬಂದು, ಬೇಕೆಂದೇ ‘ಪಾಸ್‌ವರ್ಡ್ ಮರೆತಿರಾ’ ಎಂಬಲ್ಲಿ ಒತ್ತಿ, ವಿಳಾಸವನ್ನು ಅಕ್ಕನೇ ಒಂದೊಂದಕ್ಷರ ಗಟ್ಟಿಯಾಗಿ ಹೇಳಿಕೊಳ್ಳುತ್ತ ಬರೆದಳು. ‘ಟಿ’ ಆದಮೇಲೆ ತಡೆದು, ಸೋದರಳಿಯನ ಮುಖ ನೋಡಿ, “ಎಚ್” ಎಂದಳು. ನಾವೆಲ್ಲ ಪೆಟ್ಟಿಗೆಯನ್ನು ನೋಡುತ್ತ ಕೂತೆವು. ಅರ್ಧ ನಿಮಿಷದಲ್ಲಿ ಬಂತು.